ಏಳನೇ ಮೆಟ್ಟಿಲಲ್ಲಿ ಎಗರುವ ಅಂಚೆಯಣ್ಣ

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಮಂಡಕ್ಕಿ ಒಗ್ಗರಣಿ-ಮಿರ್ಚಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ನನ್ನ ಕಂಪ್ಯೂಟರ್ ಕೇಂದ್ರ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಬೆಳಿಗ್ಗೆ, ಸಂಜೆ ಪಾಠ. ನಡುವಿನ ಹೊತ್ತು ಆಟ. ಆಟ ಎಂದರೆ ಆಡುವುದಲ್ಲ, ಮಾಡುವುದು. ದಾವಣಗೆರೆಯ ಒಬ್ಬ ವ್ಯಾಪಾರಿ ಶಾಲಾ ಮಕ್ಕಳಿಗಾಗಿ ಒಂದು ಸಿ.ಡಿ. ಬೇಕೆಂದು ಕೇಳಿದ್ದರು. ಅಂಚೆಯಣ್ಣ ಊರೆಲ್ಲ ಓಡಾಡಿ ಮನೆ ಮನೆಗೆ ಕಾಗದ ಹಂಚಬೇಕು, ಮಕ್ಕಳು ಅವನನ್ನು ನಡೆಸಬೇಕು, ಅಷ್ಟೇ. ಊರು, ಮನೆ, ಮೆಟ್ಟಿಲು, ಅಂಚೆಯಣ್ಣನ ಖಾಕಿ ಅಂಗಿ, ಮೀಸೆ ಎಲ್ಲ ನನ್ನ ಕೆಲಸ. ಅವನನ್ನು ನಡೆಯುವಂತೆ ಮಾಡುವುದು ನನ್ನ ಜೊತೆಗಿದ್ದವನ ಕೆಲಸ.

ಅವನು ಗುಡೇಕೋಟೆ ಕಡೆಯವನು. ಮನೆಯಲ್ಲಿ ಕುರಿ ಹಿಂಡು ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದ. ಪ್ರೋಗ್ರಾಮ್ ಬರೆಯುವುದರಲ್ಲಿ ಅವನ ತಲೆ ಚುರುಕು, ಉಳಿದೆಲ್ಲದರಲ್ಲಿ ಅವನಷ್ಟು ಸಂಕೋಚದ ಪ್ರಾಣಿಯನ್ನು ನಾನು ನೋಡಿಲ್ಲ. ಅಂಗಡಿಯವರು ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತರೆ, ಸಕ್ಕರೆ ಇಲ್ಲದ್ದೇ ತನಗೆ ಇಷ್ಟ ಎಂದು ಹೇಳಿ ಕುಡಿಯುವವನು. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಹಾಗಾಗಿ ಇಬ್ಬರ ನಡುವೆ ಜಗಳವಾಗುವ ಪ್ರಶ್ನೆಯೇ ಇರಲಿಲ್ಲ. ನಾನೊಬ್ಬಳೇ ಆಡುತ್ತಿದ್ದೆ, ಅವನು ಕೇಳುತ್ತಿದ್ದ.

ಅಂಚೆಯಣ್ಣ ಸಪಾಟು ರಸ್ತೆಯಲ್ಲಿ ಚೆನ್ನಾಗಿ ನಡೆಯುತ್ತಿದ್ದ. ತೊಂದರೆ ಶುರುವಾದದ್ದು ಮೆಟ್ಟಿಲಿನಲ್ಲಿ. ಕಂಪ್ಯೂಟರಿಗೆ ಮನುಷ್ಯ ಎಂದರೆ ಒಂದು ಕಾಣದ ಕೊಳವೆ. ಮಕ್ಕಳು ಗುಂಡಿ ಒತ್ತಿದಾಗ ನಿಜವಾಗಿ ಮುಂದೆ ಹೋಗುವುದು ಆ ಕೊಳವೆ. ಅಂಚೆಯಣ್ಣನ ಚಿತ್ರ ಅದಕ್ಕೆ ಅಂಟಿಕೊಂಡು ಹೋಗುತ್ತದೆ. ಮೆಟ್ಟಿಲು ಬಂದರೆ ಕೊಳವೆ ಕಾಲೆತ್ತಿ ಹತ್ತುವುದಿಲ್ಲ, ಅದಕ್ಕೆ ಕಾಲೇ ಇಲ್ಲ. ಒಂದೇ ಕ್ಷಣದಲ್ಲಿ ಆರು ಇಂಚು ಮೇಲಕ್ಕೆ ನೆಗೆದು ನಿಲ್ಲುತ್ತದೆ. ಅದರ ಜೊತೆ ಅಂಚೆಯಣ್ಣನೂ ಟೊಪ್ಪಿಗೆ, ಚೀಲದ ಸಮೇತ ನೆಗೆಯುತ್ತಿದ್ದ. ಕಾಲುಗಳು ಮಾತ್ರ ಸಪಾಟು ರಸ್ತೆಯಲ್ಲಿ ನಡೆದಂತೆಯೇ ಆಡುತ್ತಿದ್ದವು. ಒಂದು ಪಾದ ಕಲ್ಲಿನೊಳಗೆ, ಇನ್ನೊಂದು ಗಾಳಿಯಲ್ಲಿ.

ಇದಕ್ಕೆ ಅವನು ಹಾಕಿದ ಮದ್ದು ಎರಡು. ಮೊದಲನೆಯದು ಪಾದಕ್ಕೆ. ಪ್ರತಿ ಪಾದದ ಮೇಲಿನಿಂದ ನೇರ ಕೆಳಗೆ ಒಂದು ಕಾಣದ ಗೆರೆ ಬಿಟ್ಟು, ಮೆಟ್ಟಿಲು ಎಲ್ಲಿ ಸಿಗುತ್ತದೆ ಎಂದು ನೋಡುವುದು. ಪಾದವನ್ನು ಅಲ್ಲಿ ಊರುವುದು. ಆಮೇಲೆ ಆ ಪಾದಕ್ಕೂ ಸೊಂಟಕ್ಕೂ ಹೊಂದುವಂತೆ ಮೊಣಕಾಲು ಎಷ್ಟು ಮಡಚಬೇಕೆಂದು ಹಿಂದಿನಿಂದ ಲೆಕ್ಕ ಹಾಕುವುದು. ಇದಕ್ಕೆ ಐ.ಕೆ., ಅಂದರೆ ಇನ್ವರ್ಸ್ ಕೈನೆಮ್ಯಾಟಿಕ್ಸ್, ಅನ್ನುತ್ತಾರೆಂದು ಅವನೇ ನನಗೆ ಹೇಳಿದ್ದು. ಎರಡನೆಯ ಮದ್ದು ಮೈಗೆ. ಕೊಳವೆ ಬೇಕಾದರೆ ನೆಗೆಯಲಿ, ಸೊಂಟ ಮಾತ್ರ ಅದರ ಹಿಂದೆ ನಿಧಾನವಾಗಿ ಏರಲಿ. ಎಷ್ಟು ಅಂತರ ಉಳಿದಿದೆಯೋ ಅದರಲ್ಲಿ ಒಂದು ಪಾಲನ್ನು ಕ್ಷಣಕ್ಷಣಕ್ಕೂ ಮುಚ್ಚುತ್ತ ಹೋದರೆ ಏರಿಕೆ ನಯವಾಗಿ ಕಾಣುತ್ತದೆ. ಈ ನಯ ಸೊಂಟಕ್ಕೆ ಮಾತ್ರ, ಪಾದಕ್ಕಲ್ಲ. ಪಾದಕ್ಕೂ ಅದನ್ನೇ ಹಚ್ಚಿದರೆ ಅದು ತಡವಾಗಿ ಏರಿ ಮತ್ತೆ ಕಲ್ಲಿನೊಳಗೇ ಹೋಗುತ್ತದೆ.

ಮನುಷ್ಯ ನಿಜವಾಗಿ ಹೇಗೆ ಹತ್ತುತ್ತಾನೆಂದು ನೋಡಲು ನನ್ನನ್ನೇ ಹತ್ತಿಸಿದ. ಸೊಂಟಕ್ಕೆ ಒಂದು ದಾರ ಬಿಗಿದು, ಅದಕ್ಕೆ ಸೀಮೆಸುಣ್ಣದ ಕಡ್ಡಿ ಸಿಕ್ಕಿಸಿ, ಗೋಡೆಗೆ ತಾಗುವಂತೆ ನಮ್ಮ ಕೇಂದ್ರದ ಮೆಟ್ಟಿಲು ಹತ್ತಬೇಕು. ನಾನು ಸೀರೆಯುಟ್ಟು, ಗೋಡೆಗೆ ಒರಗಿ, ಅಡ್ಡಡ್ಡ ಹತ್ತುತ್ತಿದ್ದರೆ ಕೆಳಗೆ ಮಿರ್ಚಿ ತಿನ್ನುತ್ತಿದ್ದವರು ಕೈಯಲ್ಲಿದ್ದದ್ದನ್ನು ಬಾಯಿಗಿಡುವುದನ್ನೇ ಮರೆತರು. ಅಂಗಡಿಯವರ ಹೆಂಡತಿ ಬಂದು ಕೇಳಿದರು.

"ಏನಾತ್ರೀ ಅಕ್ಕಾರ, ಬೆನ್ನು ತುರಸಾಕ ಹತ್ತೇತೇನು?"

"ಇಲ್ರಿ, ಕಂಪ್ಯೂಟರ್ ಕೆಲಸ," ಅಂದೆ.

ಅವರು ಮತ್ತೇನೂ ಕೇಳಲಿಲ್ಲ. ಕಂಪ್ಯೂಟರ್ ಕಲಿಯಲು ಮಗಳನ್ನು ಕಳಿಸುವೆನೆಂದು ಹೇಳಿದ್ದರು, ಆಮೇಲೆ ಕಳಿಸಲೂ ಇಲ್ಲ.

ಗೋಡೆಯ ಮೇಲೆ ಮೂಡಿದ ಗೆರೆ ಮಾತ್ರ ಸೊಗಸಾಗಿತ್ತು. ಕೆಳಗೆ ಮೆಟ್ಟಿಲು ಹಂತ ಹಂತವಾಗಿ ಏರಿದರೂ ನನ್ನ ಸೊಂಟ ಓರೆಯಾಗಿ, ಸಣ್ಣಗೆ ಅಲೆಯುತ್ತ ಏರಿತ್ತು. ನಡುವೆ ಒಂದು ಕಡೆ ಕರೆಂಟಿನ ಮೀಟರ್ ಹಲಗೆ ಇದ್ದುದರಿಂದ ಅಲ್ಲಿ ಗೆರೆ ಇರಲಿಲ್ಲ. ಅದರಾಚೆ ಮತ್ತೆ ಶುರುವಾಗಿತ್ತು. ಅದರ ಬಗ್ಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ.

ಆಟದ ಮೆಟ್ಟಿಲಿಗೂ ನಾನು ಅದೇ ಮೆಟ್ಟಿಲ ಅಳತೆ ಕೊಟ್ಟಿದ್ದೆ. ಬಟ್ಟೆ ಹೊಲಿಯುವ ಟೇಪು ಹಿಡಿದು ಒಂದೊಂದನ್ನೂ ಅಳೆದು, ಪಟ್ಟಿಯಲ್ಲಿ ಬರೆದು, ಹಾಗೆಯೇ ಮಾದರಿ ಕಟ್ಟಿದೆ. ಬರೆಯುವಾಗ ಅಂಕಿಗಳನ್ನು ನೋಡಲಿಲ್ಲ. ಯಾರೋ ಹೇಳಿ ಬರೆಸಿದಂತೆ ಬರೆದೆ. ಈ ತಪ್ಪು ನನ್ನದೇ, ಇದನ್ನು ಇನ್ನೊಬ್ಬರ ತಲೆಗೆ ಕಟ್ಟಲು ಇಂದಿಗೂ ನನಗೆ ಯಾರೂ ಸಿಕ್ಕಿಲ್ಲ.

ಮದ್ದು ಹಾಕಿದ ಮೇಲೆ ಅಂಚೆಯಣ್ಣ ಆರು ಮೆಟ್ಟಿಲನ್ನು ಬೆಣ್ಣೆಯಲ್ಲಿ ಜಾರಿದಂತೆ ಏರಿದ. ಏಳನೆಯದರಲ್ಲಿ ಗಕ್ಕನೆ ಎಗರಿದ. ಎಂಟರಿಂದ ಹದಿನಾಲ್ಕರವರೆಗೆ ಮತ್ತೆ ಬೆಣ್ಣೆ. ಮತ್ತೆ ಓಡಿಸಿದರೂ ಏಳರಲ್ಲೇ ಎಗರಿದ.

"ನನ್ನ ನಯ ಮಾಡೋ ಲೆಕ್ಕದಾಗ ಏನೋ ತಪ್ಪೈತಿ ಅಕ್ಕಾರ," ಅಂದ.

ನನಗೆ ಅವನ ಲೆಕ್ಕ ತಿಳಿಯದು. "ಹುಡುಕು," ಅಂದೆ.

ಹುಡುಕಿ ಹುಡುಕಿ ಸಿಗದಿದ್ದಾಗ, ಸೊಂಟ ಏರುವ ವೇಗವನ್ನೇ ಕಡಿಮೆ ಮಾಡಿದ. ಎಗರುವುದು ಸ್ವಲ್ಪ ತಗ್ಗಿತು. ಇನ್ನೂ ಕಡಿಮೆ ಮಾಡಿದ. ಒಂದು ವಾರದ ಕೊನೆಗೆ ಎಗರುವುದು ಕಾಣದಷ್ಟಾಯಿತು, ಆದರೆ ಅಂಚೆಯಣ್ಣ ಮನುಷ್ಯನಾಗಿ ಉಳಿಯಲಿಲ್ಲ. ಪಾದಗಳು ಸರಿಯಾಗಿ ಮೆಟ್ಟಿಲ ಮೇಲೆ ಇವೆ, ಸೊಂಟ ಮಾತ್ರ ಇನ್ನೂ ಎರಡು ಮೆಟ್ಟಿಲು ಹಿಂದಿನ ಎತ್ತರದಲ್ಲೇ ಇದೆ. ನಡುವೆ ಸಿಕ್ಕ ಮೊಣಕಾಲುಗಳು ಎದೆಗೆ ಬಂದು ಮುಟ್ಟಿವೆ. ಮೀಸೆ ಹೊತ್ತ ಒಬ್ಬ ಸರ್ಕಾರಿ ನೌಕರ ಕಕ್ಕಸಿಗೆ ಕೂತ ಭಂಗಿಯಲ್ಲೇ ಹದಿನಾಲ್ಕು ಮೆಟ್ಟಿಲು ಹತ್ತಿ ಕಾಗದ ಕೊಟ್ಟು ಬರುತ್ತಿದ್ದ. ನಾನು ಮೇಜಿಗೆ ತಲೆಯಿಟ್ಟು ನಕ್ಕೆ. ಅವನು ನಗಲಿಲ್ಲ.

ನಗದಿರಲು ಕಾರಣವಿತ್ತು. ಬರುವ ಭಾನುವಾರ ಹೆಣ್ಣಿನವರು ಅವನ ಕೆಲಸ ನೋಡಲು ಬರುವವರಿದ್ದರು. ಮನೆ ನೋಡಿಯಾಗಿತ್ತು, ಕುರಿ ನೋಡಿಯಾಗಿತ್ತು, ಹುಡುಗ-ಹುಡುಗಿ ಒಂದು ಸಲ ಮಾತಾಡಿಯೂ ಆಗಿತ್ತು. ಅವಳು ಹಗರಿಬೊಮ್ಮನಹಳ್ಳಿಯಲ್ಲಿ ಚಿಕ್ಕ ಮಕ್ಕಳ ಶಾಲೆಯ ಟೀಚರ್. ಆ ಒಂದು ಮಾತುಕತೆ ಮುಗಿಸಿ ನಮ್ಮವನು ತಿರುಗಿ ಬಂದಾಗಿನಿಂದ ಚಹಾಕ್ಕೆ ಸಕ್ಕರೆ ಇದೆಯೋ ಇಲ್ಲವೋ ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಇದಕ್ಕೆ ಮುಂಚೆ ಎರಡು ಮನೆಯವರು ಕಂಪ್ಯೂಟರಿನಲ್ಲಿ ಗೊಂಬೆ ಕುಣಿಸುವವನಿಗೆ ಹೆಣ್ಣು ಕೊಡುವುದಿಲ್ಲ ಎಂದಿದ್ದರು. ಈ ಹುಡುಗಿಯ ಅಪ್ಪ ಹಾಗೆ ಹೇಳಿರಲಿಲ್ಲ. ಆತ ಗೌಂಡಿ, ಮನೆ ಕಟ್ಟುವವರು. ಹುಡುಗ ಕೈಯಿಂದ ಏನು ಮಾಡುತ್ತಾನೆಂದು ಕಣ್ಣಾರೆ ನೋಡಿದ ಮೇಲೆ ಮಾತು ಅಂದಿದ್ದರು. ಇದು ತಪ್ಪಿದರೆ ತಾನು ಮತ್ತೆ ಯಾರ ಮನೆಗೂ ಹೆಣ್ಣು ನೋಡಲು ಹೋಗುವುದಿಲ್ಲ ಎಂದು ನನಗೆ ಹೇಳಿದ. ನಾನು ನಗುವುದನ್ನು ನಿಲ್ಲಿಸಿದೆ.

ಭಾನುವಾರ ಹನ್ನೊಂದಕ್ಕೆ ಅಪ್ಪ, ಮಗಳು ಇಬ್ಬರೂ ಬಂದರು. ನಮ್ಮವನು ಇಸ್ತ್ರಿ ಅಂಗಿ ತೊಟ್ಟು ಕಂಪ್ಯೂಟರ್ ಮುಂದೆ ಕೂತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಕೆಳಗಿನಿಂದ ಗೌಂಡಿಯವರ ದನಿ ಮೊದಲು ಬಂತು.

"ಈ ಮೆಟ್ಲು ನನ್ನ ಕೈದು ನೋಡವ್ವ. ನೀ ಹುಟ್ಟೋದಕ್ಕಿಂತ ಮದ್ಲು ಕಟ್ಟಿದ್ದು. ಇವತ್ತಿಗೂ ಒಂದು ಬಿರುಕಿಲ್ಲ."

ಅದರ ಹಿಂದೆಯೇ ಚಪ್ಪಲಿ ತಡವರಿಸಿದ ಸದ್ದು. ಮಗಳು ಎಡವಿದ್ದಳು. ಬಿದ್ದಿರಲಿಲ್ಲ, ಮೀಟರ್ ಹಲಗೆ ಹಿಡಿದುಕೊಂಡು ನಿಂತಿದ್ದಳು.

ಮೀಟರ್ ಹಲಗೆ ಕಣ್ಣಿಗೆ ಬಿದ್ದೊಡನೆ ನನ್ನ ತಲೆಯಲ್ಲಿ ದೀಪ ಹತ್ತಿತು. ಸೀಮೆಸುಣ್ಣದ ಗೆರೆ ತಪ್ಪಿದ್ದೂ ಇದೇ ಹಲಗೆಯ ಹತ್ತಿರ, ಏಳನೇ ಮೆಟ್ಟಿಲಲ್ಲಿ. ನಮ್ಮಲ್ಲಿಗೆ ಹೊಸದಾಗಿ ಬಂದವರೆಲ್ಲ ಅಲ್ಲೇ ಎಡವುತ್ತಿದ್ದರು. ನಾನೂ ಮೊದಲ ದಿನ ಎಡವಿದ್ದೆ. ಆಮೇಲೆ ಕಾಲು ತಾನಾಗಿ ಅಲ್ಲಿ ಎತ್ತರಕ್ಕೆ ಏಳುವುದನ್ನು ಕಲಿತಿತ್ತು, ನನಗೆ ಮರೆತುಹೋಗಿತ್ತು. ಒಳಗೋಡಿ ಪಟ್ಟಿ ತೆಗೆದೆ. ಆರು, ಆರು, ಆರು, ಆರು, ಆರು, ಆರು, ಒಂಬತ್ತು. ನನ್ನದೇ ಅಕ್ಷರ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಮೆಟ್ಟಿಲಿನಲ್ಲಿತ್ತು. ಮೂರು ಇಂಚು ಹೆಚ್ಚಿಗೆ ಏರಬೇಕಾದರೆ ಯಾವ ಅಂಚೆಯಣ್ಣನಾದರೂ ಎಗರಲೇಬೇಕು. ಪಾಪ, ಒಂದು ವಾರ ಅವನನ್ನು ಕುಕ್ಕರುಗಾಲಲ್ಲಿ ನಡೆಸಿದ್ದೆವು.

ಪಟ್ಟಿಯನ್ನು ನಮ್ಮವನ ಮುಂದೆ ಹಿಡಿದು ಕಿವಿಯಲ್ಲಿ ಹೇಳಿದೆ. "ಏಳನೇದು ಒಂಬತ್ತು ಇಂಚು ಐತಿ. ಕಟ್ಟಿದವರು ಇವರು."

ಅವನ ಮುಖದ ಬಣ್ಣವೇ ಹೋಯಿತು. ಅಷ್ಟರಲ್ಲಿ ಅಪ್ಪ, ಮಗಳು ಒಳಗೆ ಬಂದು ಕೂತರು. ಗೌಂಡಿಯವರು ಬೆಳ್ಳಗಿನ ಪಂಚೆ ಉಟ್ಟಿದ್ದರು, ಎದೆ ಜೇಬಿನಲ್ಲಿ ಅಳತೆಯ ಟೇಪು. ಮದುವೆ ಮಾತಿಗೂ ಟೇಪು ಇಟ್ಟುಕೊಂಡು ಬರುವ ಮನುಷ್ಯ. ನೀರು ಕುಡಿದು, "ತೋರ್ಸಪ್ಪ," ಅಂದರು.

ಅವನು ಗುಂಡಿ ಒತ್ತಿದ. ಅಂಚೆಯಣ್ಣ ಕುಕ್ಕರುಗಾಲಲ್ಲಿ ಏರತೊಡಗಿದ. ಗೌಂಡಿಯವರು ಕಣ್ಣು ಕಿರಿದು ಮಾಡಿ ನೋಡಿದರು.

"ಇವಗ ಮೂಲವ್ಯಾಧಿ ಏನಾರ ಐತೇನು?"

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮವನು ಕಿವಿಯವರೆಗೆ ಕೆಂಪಾಗಿ, ಸೊಂಟದ ವೇಗವನ್ನು ಮೊದಲಿದ್ದ ಮಟ್ಟಕ್ಕೆ ತಂದ. ಅಂಚೆಯಣ್ಣ ನೆಟ್ಟಗಾದ. ಆರು ಮೆಟ್ಟಿಲು ಎದೆಯುಬ್ಬಿಸಿ ಏರಿದ. ಏಳರಲ್ಲಿ ಎಗರಿದ.

"ಭೇಷ್, ಈಗ ಗಂಡಸಿನಂಗ ಹತ್ತಿದ. ಆದ್ರ ಅಲ್ಲಿ ಯಾಕ ಎಗರತಾನ?"

ನಮ್ಮವನು ಪಟ್ಟಿಯನ್ನು ಕೀಲಿಮಣೆಯ ಕೆಳಗೆ ಸರಿಸಿದ.

"ನನ್ನ ಪ್ರೋಗ್ರಾಮಿನ ತಪ್ಪು ರೀ. ಇನ್ನೂ ಸರಿ ಮಾಡಬೇಕು."

ನಾನೂ ತಲೆಯಾಡಿಸಿದೆ. ಜಗಳಗಂಟಿ ಎಂದು ಹೆಸರು ಮಾಡಿದ ನಾನು, ಅವತ್ತು ಬೆಕ್ಕಿನಂತೆ ಮೆತ್ತಗಾಗಿ ಸುಳ್ಳಿಗೆ ಜೊತೆ ನಿಂತೆ. ಗೌಂಡಿಯವರು ಪಾಪ ಅನ್ನುವಂತೆ ಹ್ಞೂಂಗುಟ್ಟಿದರು. ಕೆಲಸ ಇನ್ನೂ ಪಳಗಿಲ್ಲ ಅನ್ನುವ ಭಾವ ಅವರ ಮುಖದಲ್ಲಿ ಕಂಡಿತು. ನನಗೆ ಒಳಗೊಳಗೇ ಉರಿಯಿತು.

ಮಗಳು ಪರದೆಯ ಹತ್ತಿರ ಬಗ್ಗಿದಳು.

"ಅದು ಎಷ್ಟನೇ ಮೆಟ್ಲು ರೀ?"

"ಏಳನೇದು ರೀ."

"ನಾನು ಎಡವಿದ್ದೂ ಏಳನೇದ್ರಾಗ. ಎಣಿಸಿಕೊಂಡೇ ಬಂದೀನಿ, ಮಕ್ಕಳ ಜೊತಿಗೆ ಇದ್ದು ಇದ್ದು ರೂಢಿ ಆಗೇತಿ. ಇದು ಈ ಮೆಟ್ಲಿಂದೇ ಚಿತ್ರ ಏನು?"

ನಮ್ಮವನು ನೆಲ ನೋಡಿದ.

"ನಮ್ಮ ಸಾಲ್ಯಾಗ ಒಬ್ಬ ಹುಡುಗ ಮಸಿ ಚೆಲ್ಲಿದ್ರ ಇನ್ನೊಬ್ಬ ಎದ್ದು ನಿಂತು ನಾನೇ ಚೆಲ್ಲಿದೆ ಅಂತಾನ," ಅಂದಳು ಅವಳು. "ಅವನ್ನ ನಾನು ಕುಂದರಸ್ತೀನಿ. ಒಳ್ಳೆ ಹುಡುಗ, ಖರೆ. ಆದ್ರ ಅಂಥವನ ಮಾತು ನಂಬಾಕ ಆಗಲ್ಲ."

ಅವನು ಆಗ ಅವಳ ಮುಖ ನೋಡಿದ, ಅಪ್ಪನ ಮುಖ ನೋಡಿದ, ಕೊನೆಗೆ ಕೀಲಿಮಣೆ ನೋಡಿದ. ನಾನು ಅವನ ಜೊತೆ ಅಷ್ಟು ವರ್ಷ ಕೆಲಸ ಮಾಡಿದ್ದರೂ ಅವನು ಒಂದು ನಿರ್ಧಾರಕ್ಕೆ ಬರುವುದನ್ನು ಕಣ್ಣಾರೆ ಕಂಡದ್ದು ಆವತ್ತೇ.

"ಸುಳ್ಳು ಹೇಳಿದೆ ರೀ," ಅಂದ. "ತೋರಸ್ತೀನಿ."

ನಯಗೊಳಿಸುವುದನ್ನು ಪೂರಾ ನಿಲ್ಲಿಸಿಬಿಟ್ಟ. ಸೊಂಟ ಈಗ ಕೊಳವೆಗೆ ಅಂಟಿಕೊಂಡು ಮೆಟ್ಟಿಲು ಮೆಟ್ಟಿಲಿಗೂ ನೆಗೆಯುವಂತಾಯಿತು. ಜೊತೆಗೆ, ಪಾದದ ಗೆರೆಗಳಿಗೆ ಸಿಕ್ಕ ಎತ್ತರವನ್ನು ಪರದೆಯ ಮೂಲೆಯಲ್ಲಿ ಬರೆಯುವಂತೆ ಮಾಡಿದ. ಅಂಚೆಯಣ್ಣ ಕುಪ್ಪಳಿಸುತ್ತ ಏರಿದ. ಮೂಲೆಯಲ್ಲಿ ಆರು ಬಂತು, ಆರು ಬಂತು, ಮತ್ತೆ ಆರು. ಏಳನೇ ಸಲ ಒಂಬತ್ತು.

ಗೌಂಡಿಯವರು ಎದ್ದು ಹೊರಗೆ ಹೋದರು. ನಮ್ಮವನು ಕೈ ಮುಗಿದುಕೊಂಡಂತೆ ಕೂತಿದ್ದ. ಸಂಬಂಧ ಹೋಯಿತು ಎಂದು ನಾನು ನಿಶ್ಚಯಿಸಿದೆ. ಕೆಳಗೆ ಟೇಪು ಎಳೆದ ಸದ್ದು ಕೇಳಿಸಿತು. ಬಹಳ ಹೊತ್ತು ಅವರು ಮೇಲೆ ಬರಲೇ ಇಲ್ಲ. ಬಾಗಿಲಿಗೆ ಹೋಗಿ ನೋಡಿದರೆ ಏಳನೇ ಮೆಟ್ಟಿಲ ಮೇಲೆ ಕೂತು, ಗೋಡೆಯ ಸೀಮೆಸುಣ್ಣದ ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಹಲಗೆಯ ಈಚೆ ಗೆರೆ ಎಲ್ಲಿ ನಿಂತಿದೆ, ಆಚೆ ಎಷ್ಟು ಮೇಲೆ ಶುರುವಾಗಿದೆ ಎಂದು ಕಣ್ಣಳತೆಯಲ್ಲೇ ನೋಡುತ್ತಿದ್ದರು.

ಮೇಲೆ ಬಂದು ಕುರ್ಚಿಯಲ್ಲಿ ಕೂತರು.

"ಒಂಬತ್ತೇ ಐತಿ," ಅಂದರು. "ಅವತ್ತು ಕೆಳಗಿಂದ ನಾನು ಕಟ್ಟಿಕೋಂತ ಬಂದೆ, ಮ್ಯಾಲಿಂದ ನನ್ನ ತಮ್ಮ ಇಳಕೋಂತ ಬಂದ. ಲಗೂ ಮುಗೀಲಿ ಅಂತ. ಉಳಿದಿದ್ದೆಲ್ಲ ನಡುವಿನ ಮೆಟ್ಲಿಗೆ ಬಿತ್ತು. ಇಷ್ಟು ವರ್ಷ ಊರ ಮಂದಿ ಎಡವ್ಯಾರ. ಒಬ್ಬರೂ ನನಗ ಹೇಳಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಒಂದು ಕೆಲಸವನ್ನು ಇಡೀ ಬಾಳು ಮಾಡಿದವರಿಗೆ ಅದರಲ್ಲಿ ತಪ್ಪು ಕಂಡರೆ ಹೇಗಾಗುತ್ತದೆಂದು ನನಗೆ ಆಗ ತಿಳಿಯಿತು, ಮತ್ತು ಅದನ್ನು ತೋರಿಸಿದ ಯಂತ್ರವನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆನಿಸಿತು.

"ನೀನಾರ ಮದ್ಲೇ ಹೇಳಬೇಕಿತ್ತಪ್ಪ," ಎಂದು ನಮ್ಮವನ ಕಡೆ ತಿರುಗಿದರು. "ನಿನ್ನ ಕೆಲಸ ಕೆಟ್ಟೈತಿ ಅಂತ ನಾನು ಎದ್ದು ಹೋಗತಿದ್ದೆ."

"ನೀವು ದೊಡ್ಡವರು ರೀ," ಅಂದ ಅವನು.

"ದೊಡ್ಡವ ಖರೆ. ಹಂಗಂತ ಊರಿನ ಕಾಲು ಮುರೀಬೇಕೇನು?"

ಆಮೇಲೆ ಅವರು ಅವನನ್ನು ಕೇಳಿದ ಪ್ರಶ್ನೆಗಳು ನಮ್ಮ ದಾವಣಗೆರೆ ವ್ಯಾಪಾರಿ ಒಂದು ಸಲವೂ ಕೇಳಿರಲಿಲ್ಲ. ಮೊಣಕಾಲು ಎಷ್ಟು ಮಡಚಬೇಕೆಂದು ಕಂಪ್ಯೂಟರಿಗೆ ಹೇಗೆ ಗೊತ್ತು, ಮೆಟ್ಟಿಲ ಅಗಲ ಕಡಿಮೆಯಿದ್ದರೆ ಹಿಮ್ಮಡಿ ಎಲ್ಲಿ ಊರುತ್ತಾನೆ, ಭಾರ ಹೊತ್ತವನಾದರೆ ಸೊಂಟ ಇನ್ನೂ ನಿಧಾನ ಏರಬೇಕಲ್ಲವೇ. ನಮ್ಮವನು ಕೊಡುತ್ತಿದ್ದ ಉತ್ತರ ಕೇಳಿ ನನಗೇ ಅಚ್ಚರಿ. ಸಂಕೋಚವೆಲ್ಲ ಎಲ್ಲಿಗೆ ಹೋಯಿತೋ, ಕೈ ಬೀಸಿ ಬೀಸಿ ಹೇಳುತ್ತಿದ್ದ. ಅವರು ತಲೆದೂಗಿ ತಲೆದೂಗಿ ಕೇಳಿದರು. ಕೊನೆಗೆ ಮಗಳ ಕಡೆ ತಿರುಗಿದರು.

"ನಂದು ಮುಗೀತವ್ವ. ನೀನೇನಂತಿ?"

ಅವಳು ಪರದೆ ನೋಡಿದಳು. ಹದಿನಾಲ್ಕನೇ ಮೆಟ್ಟಿಲ ಮೇಲೆ ಅಂಚೆಯಣ್ಣ ಚೀಲ ಹೊತ್ತು ಕಾಯುತ್ತಿದ್ದ.

"ಹತ್ತೋದು ನೋಡಿದ್ವಿ," ಅಂದಳು. "ಇಳಿಯೋದು ತೋರ್ಸಿರಿ."

ಇಳಿಯುವುದನ್ನು ನಾವು ಯಾರಿಗೂ ತೋರಿಸಿರಲಿಲ್ಲ. ದಾವಣಗೆರೆಯವರು ಬಂದಾಗ ಕರೆಂಟು ಹೋಗುವ ಹೊತ್ತಾಯಿತೆಂದು ಹೇಳಿ ಯಂತ್ರ ಆರಿಸಿದ್ದೆ. ಈಗಲೂ ಅದನ್ನೇ ಹೇಳಲು ಬಾಯಿ ತೆರೆದೆ. ಅವನು ನನಗಿಂತ ಮೊದಲೇ ಮಾತಾಡಿದ.

"ಇಳಿಯೋದು ನನಗ ಇನ್ನೂ ಬಂದಿಲ್ಲ ರೀ. ಕೆಳಗಿನ ಕಾಲಿಗೆ ಮೆಟ್ಲು ಸಿಗಬೇಕಂದ್ರ ಸೊಂಟ ಅದಕ್ಕ ತಕ್ಕಂಗ ತಗ್ಗಬೇಕು. ಅದನ್ನ ಇನ್ನೂ ಬರೆದಿಲ್ಲ. ನೋಡಿದ್ರ ನಗತೀರಿ."

"ತೋರ್ಸಿರಿ," ಅಂದಳು.

ನಯಗೊಳಿಸುವುದನ್ನು ಮತ್ತೆ ಹಚ್ಚಿ ಗುಂಡಿ ಒತ್ತಿದ. ಕೊಳವೆ ಕೆಳಗಿಳಿಯಿತು. ಸೊಂಟ ಹಿಂದುಳಿದು ಮೇಲೆಯೇ ನಿಂತಿತು. ಅಂಚೆಯಣ್ಣನ ಕಾಲುಗಳು ಮೆಟ್ಟಿಲನ್ನು ಹುಡುಕುತ್ತ ಕೋಲಿನಂತೆ ನೆಟ್ಟಗಾದವು, ಬೆರಳ ತುದಿಯವರೆಗೂ ಚಾಚಿದವು, ಆದರೂ ಮೆಟ್ಟಿಲಿಗೆ ನಾಲ್ಕು ಬೆರಳಿನಷ್ಟು ಅಂತರ ಉಳಿಯಿತು. ಖಾಕಿ ಅಂಗಿ, ಮೀಸೆ, ಚೀಲ ಎಲ್ಲವೂ ಗಂಭೀರವಾಗಿ ಗಾಳಿಯಲ್ಲಿ ತೇಲುತ್ತ, ಒಂದು ಮೆಟ್ಟಿಲನ್ನೂ ಮುಟ್ಟದೆ ಕೆಳಗಿಳಿದು ಬಂದವು. ಏಳನೆಯದರಲ್ಲಿ ಇನ್ನಷ್ಟು ಮೇಲೆ ತೇಲಿದ.

ಅವಳು ನಕ್ಕಳು. ಮೊದಲು ಸೆರಗು ಹಿಡಿದು, ಆಮೇಲೆ ಅದನ್ನೂ ಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳನ್ನು ನೋಡಿ ಗೌಂಡಿಯವರು ನಕ್ಕರು, ಗೌಂಡಿಯವರನ್ನು ನೋಡಿ ನಾನು. ನಮ್ಮವನೊಬ್ಬ ಅವಳು ನಗುವುದನ್ನೇ ನೋಡುತ್ತ ಕೂತಿದ್ದ, ಇನ್ನೊಂದು ಸಲ ಇಳಿಸಲೇ ಎಂದು ಕೈ ಗುಂಡಿಯ ಮೇಲೇ ಇತ್ತು.

ಅವಳು ಕಣ್ಣೊರೆಸಿಕೊಂಡು ಅಪ್ಪನಿಗೆ ಹೇಳಿದಳು. "ಆಗಲಿ ಅಪ್ಪಾ. ಬರದಿದ್ದನ್ನ ಬರಲ್ಲ ಅಂತ ಖರೆ ಹೇಳಿದ್ರು. ನನಗ ಅಷ್ಟು ಸಾಕು."